ಒಳಗೆ ನಿಂತು ಬರೆದ ನಕ್ಷೆ: ಆಕಾಶಗಂಗೆಯ ತೋಳುಗಳು ಮತ್ತು ಒಂದು ಖೋ ಖೋ ಅಂಕಣ

ಆಕಾಶಗಂಗೆಯ ಪಾಠಕ್ಕೆ ನಾವು ಗೋಡೆಗೆ ತೂಗುಹಾಕುವ ಚಾರ್ಟುಗಳಲ್ಲಿ ಹೆಚ್ಚಿನವು ಒಂದೇ ಚಿತ್ರದ ನಕಲುಗಳು. ನಡುವೆ ಹಳದಿ ಪಟ್ಟಿ, ಅದರ ತುದಿಗಳಿಂದ ಹೊರಟು ಸುತ್ತಿಕೊಂಡ ನೀಲಿ ತೋಳುಗಳು, ಒಂದು ಕಡೆ ಬಾಣದ ಗುರುತಿಟ್ಟು 'ಸೂರ್ಯ' ಎಂಬ ಹೆಸರು. ಮೂಲ ಚಿತ್ರವನ್ನು 2008ರಲ್ಲಿ ನಾಸಾದ ಸ್ಪಿಟ್ಜರ್ ದೂರದರ್ಶಕದ ತಂಡದಲ್ಲಿದ್ದ ರಾಬರ್ಟ್ ಹರ್ಟ್ ರಚಿಸಿದರು. ರಚಿಸಿದರು ಎಂಬ ಮಾತು ಇಲ್ಲಿ ಮುಖ್ಯ, ಏಕೆಂದರೆ ಅದು ಫೋಟೋ ಅಲ್ಲ. ಚಾರ್ಟಿನಲ್ಲಿ ಈ ಮಾತು ಎಲ್ಲೂ ಅಚ್ಚಾಗಿರುವುದಿಲ್ಲ. ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಮೂರನೆಯ ವಾರ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಯೂ ಇದೇ ಆಗಿತ್ತು: "ಟೀಚರ್, ನಾವ್ ಅದರೊಳಗ ಇದ್ದಮ್ಯಾಲೆ ಈ ಫೋಟೋ ಹೊರಗ ಹೋಗಿ ಯಾರ್ ತಗದ್ರೀ?"

ಯಾರೂ ಹೊರಗೆ ಹೋಗಿಲ್ಲ ಎಂದು ಹೇಳುವುದು ಸುಲಭ. ಎಷ್ಟು ದೂರ ಹೋಗಬೇಕಿತ್ತು ಎಂದು ತೋರಿಸಲು ನಮ್ಮ ಜಿಲ್ಲೆಯನ್ನೇ ಅಳತೆಗೋಲು ಮಾಡಿಕೊಂಡೆ. ಆಕಾಶಗಂಗೆಯ ಕೇಂದ್ರವನ್ನು ಹಾವೇರಿಯಲ್ಲಿಟ್ಟು ಸೂರ್ಯನನ್ನು ರಾಣೆಬೆನ್ನೂರಿನಲ್ಲಿಡೋಣ. ನಡುವಿನ ದೂರ ಸುಮಾರು 30 ಕಿ.ಮೀ.; ನಿಜದಲ್ಲಿ ಅದು ಸುಮಾರು 26,700 ಜ್ಯೋತಿರ್ವರ್ಷ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 900 ಜ್ಯೋತಿರ್ವರ್ಷ ಬಿತ್ತು. ಈ ಲೆಕ್ಕದಲ್ಲಿ ಗ್ಯಾಲಕ್ಸಿಯ ತಟ್ಟೆಯ ಅಂಚು ಹೆಚ್ಚುಕಡಿಮೆ ಹರಿಹರದ ಹತ್ತಿರ ಹಾಯುತ್ತದೆ. ಬ್ಯಾಡಗಿ ಅರ್ಧ ದಾರಿಯಲ್ಲಿದೆ; ರಾಣೆಬೆನ್ನೂರಿನಲ್ಲಿ ನಿಂತು ಹಾವೇರಿಯತ್ತ ಮುಖಮಾಡಿದರೆ ನೇರಗೆರೆಯಿಂದ ಸ್ವಲ್ಪ ಎಡಕ್ಕೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಸುಮಾರು ಅರ್ಧ ಶತಮಾನ ಓಡಿ, ಬೆಳಕು ಒಂದು ದಿನದಲ್ಲಿ ಸಾಗುವಷ್ಟು ದೂರವನ್ನು ಹೆಚ್ಚುಕಡಿಮೆ ಮುಟ್ಟಿದೆ. ನಮ್ಮ ನಕ್ಷೆಯಲ್ಲಿ ಅದು ರಾಣೆಬೆನ್ನೂರಿನಿಂದ ಮೂರು ಮಿಲಿಮೀಟರ್. ಮಕ್ಕಳು ಇದನ್ನು ಸ್ಕೇಲಿನ ಮೇಲೆ ಬೆರಳಿಟ್ಟು ನೋಡಿಕೊಂಡರು.

ಹಾಗಾದರೆ ತೋಳುಗಳನ್ನು ಬರೆದದ್ದು ಹೇಗೆ? ಇಲ್ಲಿಂದ ಮುಂದೆ ಹೇಳುವುದು ನಾನು ಎರಡು ಅವಧಿಗಳಲ್ಲಿ, ಒಂದು ಬಾರಿ ತರಗತಿಯಲ್ಲಿ, ಇನ್ನೊಂದು ಬಾರಿ ಶಾಲೆಯ ಖೋ ಖೋ ಅಂಕಣದಲ್ಲಿ ಮಾಡಿ ನೋಡಿದ್ದು.

ಮೊದಲ ತೊಡಕು ಧೂಳಿನದು. ನಾವು ತಟ್ಟೆಯ ಮಟ್ಟದಲ್ಲೇ ಇರುವುದರಿಂದ ಎಲ್ಲ ತೋಳುಗಳೂ ಒಂದರ ಹಿಂದೆ ಒಂದು ಬಂದು ಆಕಾಶದಲ್ಲಿ ಒಂದೇ ಪಟ್ಟಿಯಾಗಿ ಕಾಣುತ್ತವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯ ದಿನ ಮೆಣಸಿನಕಾಯಿ ಚೀಲಗಳ ಸಾಲಿನ ನಡುವೆ ನಿಂತವರಿಗೆ ಎದುರಿನ ಸಾಲು ಕಾಣುತ್ತದೆ, ಅದರ ಹಿಂದೆ ಎಷ್ಟು ಸಾಲುಗಳಿವೆಯೆಂದು ತಿಳಿಯುವುದಿಲ್ಲ. ಅದರ ಮೇಲೆ ನಕ್ಷತ್ರಗಳ ನಡುವಿನ ಧೂಳು ದೂರದ ಬೆಳಕನ್ನು ನುಂಗುತ್ತದೆ. ಆದ್ದರಿಂದ ಧೂಳನ್ನು ದಾಟಿ ಬರುವ ರೇಡಿಯೋ ಅಲೆಯನ್ನೇ ನಂಬಬೇಕಾಯಿತು. ತಣ್ಣಗಿನ ಜಲಜನಕದ ಪರಮಾಣು 21 ಸೆಂ.ಮೀ. ಉದ್ದದ, ಅಂದರೆ 1420.4 ಮೆಗಾಹರ್ಟ್ಸ್ ಆವರ್ತದ ಅಲೆಯನ್ನು ಹೊರಸೂಸಬೇಕೆಂದು 1944ರಲ್ಲಿ ನೆದರ್ಲೆಂಡ್ಸ್‌ನ ಫಾನ್ ಡೆ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಇವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ತೋಳುಗಳಲ್ಲಿ ಜಲಜನಕ ದಟ್ಟವಾಗಿರುವುದರಿಂದ ಅದು ಎಲ್ಲೆಲ್ಲಿ ಇದೆಯೆಂದು ಗುರುತು ಮಾಡಿದರೆ ತೋಳಿನ ನಕ್ಷೆ ಸಿಗಬೇಕು.

ಆದರೆ ರೇಡಿಯೋ ದೂರದರ್ಶಕವು ಎರಡೇ ಸಂಗತಿ ಹೇಳುತ್ತದೆ: ಅಲೆ ಯಾವ ದಿಕ್ಕಿನಿಂದ ಬಂತು, ಅದರ ಆವರ್ತ ಎಷ್ಟು. ದೂರವನ್ನು ಅದು ಹೇಳುವುದಿಲ್ಲ. ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಗಾಡಿಯ ಸೀಟಿ ಹತ್ತಿರ ಬರುವಾಗ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪಗೆ ಕೇಳುವುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದೇ ರೀತಿ ಆವರ್ತ ಸ್ವಲ್ಪ ಇಳಿದಿದ್ದರೆ ಅನಿಲ ನಮ್ಮಿಂದ ದೂರ ಸರಿಯುತ್ತಿದೆ, ಏರಿದ್ದರೆ ಹತ್ತಿರ ಬರುತ್ತಿದೆ. ಸೆಕೆಂಡಿಗೆ 115 ಕಿ.ಮೀ. ವೇಗದಲ್ಲಿ ದೂರ ಸರಿಯುವ ಮೋಡದ ಅಲೆ ಸುಮಾರು ಅರ್ಧ ಮೆಗಾಹರ್ಟ್ಸ್ ಕೆಳಗೆ ಬಂದು ಬೀಳುತ್ತದೆ. ಇಷ್ಟನ್ನು ಉಪಕರಣ ಸಲೀಸಾಗಿ ಅಳೆಯುತ್ತದೆ. ಉಳಿದ ಕೆಲಸವೆಲ್ಲ ಈ ವೇಗವನ್ನು ದೂರವನ್ನಾಗಿ ಬದಲಿಸುವುದು.

ಇದಕ್ಕಾಗಿಯೇ ಅಂಕಣಕ್ಕೆ ಹೋದೆವು. ನಡುವೆ ಗೂಟ ನೆಟ್ಟು, ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ 8 ಮೀಟರ್ ತ್ರಿಜ್ಯದ ವೃತ್ತ ಬರೆದೆವು. ಖೋ ಖೋ ಅಂಕಣದ ಅಗಲ 16 ಮೀಟರ್ ಆದ್ದರಿಂದ ವೃತ್ತ ಸರಿಯಾಗಿ ಕೂತಿತು. ಇಲ್ಲಿ ಒಂದು ಮೀಟರ್ ಎಂದರೆ ಸುಮಾರು 3,300 ಜ್ಯೋತಿರ್ವರ್ಷ. ಗೂಟ ಗ್ಯಾಲಕ್ಸಿಯ ಕೇಂದ್ರ. ಹೊರವೃತ್ತದ ಮೇಲೆ ನಿಂತ ಹುಡುಗಿ ಸೂರ್ಯ. ಒಳಗೆ 4 ಮೀಟರಿನ ಒಂದು ವೃತ್ತ, 5.33 ಮೀಟರಿನ ಇನ್ನೊಂದು. ಸೂರ್ಯನಿಂದ ಗೂಟಕ್ಕೆ ಒಂದು ನೇರಗೆರೆ. ಅದರಿಂದ ಎಡಕ್ಕೆ 30 ಡಿಗ್ರಿ ಓರೆಯಾಗಿ ಇನ್ನೊಂದು ಗೆರೆ. ಈ ಎರಡನೆಯದೇ ನಮ್ಮ ದೂರದರ್ಶಕ ನೋಡುವ ದಿಕ್ಕು. ಈ ಗೆರೆಗೆ 4 ಮೀಟರಿನ ವೃತ್ತ ಸರಿಯಾಗಿ ತಾಗುತ್ತದೆ, ಕತ್ತರಿಸುವುದಿಲ್ಲ. 5.33 ಮೀಟರಿನ ವೃತ್ತ ಎರಡು ಕಡೆ ಕತ್ತರಿಸುತ್ತದೆ. ಇದನ್ನು ಮಕ್ಕಳೇ ನೋಡಿ ಹೇಳಲಿ ಎಂದು ನಾನು ಸುಮ್ಮನಿದ್ದೆ.

ನಡಿಗೆಯ ನಿಯಮ ಒಂದೇ: ಒಂದು ಚಪ್ಪಾಳೆಗೆ ಪ್ರತಿಯೊಬ್ಬರೂ ತಮ್ಮ ವೃತ್ತದ ಮೇಲೆ ಅರ್ಧ ಮೀಟರ್ ಮುಂದೆ, ಎಲ್ಲರೂ ಎಡಕ್ಕೆ ಸುತ್ತುವ ದಿಕ್ಕಿನಲ್ಲೇ. ನಮ್ಮ ಗ್ಯಾಲಕ್ಸಿಯಲ್ಲೂ ನಕ್ಷತ್ರ ಮತ್ತು ಅನಿಲದ ವೇಗ ಕೇಂದ್ರದಿಂದ ಎಷ್ಟೇ ದೂರದಲ್ಲಿದ್ದರೂ ಬಹುಮಟ್ಟಿಗೆ ಒಂದೇ, ಸೆಕೆಂಡಿಗೆ 230 ಕಿ.ಮೀ. ಆಸುಪಾಸು. ವೇಗ ಒಂದೇ ಆದರೂ ಒಳಗಿನ ವೃತ್ತ ಚಿಕ್ಕದು. ಆದ್ದರಿಂದ ಒಳಗಿನವರು ಬೇಗ ತಿರುಗಿ ಮುಂದೆ ಹೋಗುತ್ತಾರೆ. ಸೂರ್ಯನ ಕೈಯಲ್ಲಿ ಹುರಿಯ ಒಂದು ತುದಿ, ಗೆರೆಯ ಮೇಲೆ ನಿಂತವರ ಕೈಯಲ್ಲಿ ಇನ್ನೊಂದು. ಚಪ್ಪಾಳೆಯ ಹಿಂದೆ ಒಮ್ಮೆ, ಮುಂದೆ ಒಮ್ಮೆ ಹುರಿ ಅಳೆದರೆ ಎಷ್ಟು ಉದ್ದವಾಯಿತೋ ಅದೇ ದೂರ ಸರಿಯುವ ವೇಗ. ಒಂದೇ ಹೆಜ್ಜೆ ಸಾಕು. ಹೆಜ್ಜೆ ಹೆಚ್ಚಾದರೆ ಜಾಗಗಳೇ ಬದಲಾಗಿ ಲೆಕ್ಕ ಕೆಡುತ್ತದೆ. ಅರ್ಧ ಮೀಟರ್ ಹೆಜ್ಜೆಯನ್ನು ಮೊದಲೇ ಸುಣ್ಣದಲ್ಲಿ ಗುರುತು ಹಾಕಿಡಬೇಕು, ಇಲ್ಲವಾದರೆ ಉದ್ದಕಾಲಿನ ಹುಡುಗರು ಗ್ಯಾಲಕ್ಸಿಯ ನಿಯಮ ಮುರಿಯುತ್ತಾರೆ.

4 ಮೀಟರಿನ ವೃತ್ತ ಗೆರೆಗೆ ತಾಗುವ ಜಾಗದಲ್ಲಿ ನಿಂತ ಹುಡುಗನ ಹುರಿ 25 ಸೆಂ.ಮೀ. ಉದ್ದವಾಯಿತು. ಆ ಗೆರೆಯ ಮೇಲೆ ಬೇರೆ ಯಾರು ಎಲ್ಲಿ ನಿಂತರೂ ಇದಕ್ಕಿಂತ ಕಡಿಮೆಯೇ. ಆ ಜಾಗದಲ್ಲಿ ನಡೆಯುವವನ ಪೂರ್ತಿ ವೇಗ ನಮ್ಮ ನೋಟದ ಗೆರೆಯುದ್ದಕ್ಕೇ ಇರುತ್ತದೆ, ಜೊತೆಗೆ ಆ ಗೆರೆಯಲ್ಲಿ ಕೇಂದ್ರಕ್ಕೆ ಅತ್ಯಂತ ಹತ್ತಿರದ ಜಾಗವೂ ಅದೇ. ಕಪ್ಪುಹಲಗೆಯ ಮೇಲೆ ಇದನ್ನು ಹೀಗೆ ಬರೆದೆ. R ಎಂದರೆ ಕೇಂದ್ರದಿಂದ ಇರುವ ದೂರ, ಮೀಟರಿನಲ್ಲಿ:

v = 230 × sin 30° × (8/R − 1)

R = 4 ಆದರೆ v ಸೆಕೆಂಡಿಗೆ 115 ಕಿ.ಮೀ. ಅಂಕಣದ 25 ಸೆಂ.ಮೀ. ಎಂದರೆ ಅದೇ. ಖಗೋಳ ವಿಜ್ಞಾನಿಗಳೂ ಹೀಗೆಯೇ ಪ್ರತಿ ದಿಕ್ಕಿನಲ್ಲೂ ಅತಿ ಹೆಚ್ಚಿನ ವೇಗ ಯಾವುದೆಂದು ನೋಡಿ, ಅದು ತಾಗುವ ಬಿಂದುವಿನದು ಎಂದು ಹಿಡಿದು, ಒಳಗಿನ ಗ್ಯಾಲಕ್ಸಿಯ ವೇಗದ ಪಟ್ಟಿ ತಯಾರಿಸಿದರು.

ಈಗ ನಿಜವಾದ ತೊಡಕು. 5.33 ಮೀಟರಿನ ವೃತ್ತ ಗೆರೆಯನ್ನು ಕತ್ತರಿಸುವ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿದೆ. ಒಬ್ಬಳು ಸೂರ್ಯನಿಂದ 3.4 ಮೀಟರ್ ದೂರ, ಇನ್ನೊಬ್ಬ 10.5 ಮೀಟರ್ ದೂರ. ಚಪ್ಪಾಳೆ ಹೊಡೆದಾಗ ಇಬ್ಬರ ಹುರಿಯೂ 12-13 ಸೆಂ.ಮೀ. ಉದ್ದವಾಯಿತು. ಸೂರ್ಯನಾದ ಹುಡುಗಿಯನ್ನು ಹಿಂದಿರುಗಿಸಿ ನಿಲ್ಲಿಸಿ, "ಹುರಿ ಹನ್ನೆರಡು ಬಂದೈತಿ, ಯಾರ್ದು ಹೇಳು" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ "ಇಬ್ಬರಾಗ ಯಾರ್ದರ ಇರಬಹುದ್ರೀ ಟೀಚರ್, ಇಷ್ಟ ಹೇಳಿದ್ರ ಹೇಳಾಕ ಬರಂಗಿಲ್ಲ" ಎಂದಳು. ಇಡೀ ಘಟಕದಲ್ಲಿ ನಾನು ನಿರೀಕ್ಷಿಸಿದ ಕಲಿಕಾಫಲ ಈ ಒಂದು ವಾಕ್ಯ. ಆವರ್ತದಿಂದ ಸೆಕೆಂಡಿಗೆ 57 ಕಿ.ಮೀ. ಎಂದು ಗೊತ್ತಾದ ಮೋಡ 11,000 ಜ್ಯೋತಿರ್ವರ್ಷ ದೂರದಲ್ಲಿರಬಹುದು, 34,000 ಜ್ಯೋತಿರ್ವರ್ಷ ದೂರದಲ್ಲೂ ಇರಬಹುದು. ಬೇರೆ ಬೇರೆ ತೋಳುಗಳು, ಒಂದೇ ಅಂಕಿ.

ಈ ಗೊಂದಲ ಬಿಡಿಸುವ ಒಂದು ದಾರಿಯಲ್ಲಿ ಬೆಂಗಳೂರಿನೊಂದಿಗೆ ನಂಟಿರುವ ಹೆಸರು ಬರುತ್ತದೆ. ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ ಸಹೋದ್ಯೋಗಿಗಳೊಂದಿಗೆ ನಡೆಸಿದ 21 ಸೆಂ.ಮೀ. ಹೀರಿಕೆಯ ಸಮೀಕ್ಷೆ 1972ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಹೀರಿಕೆ ಎಂದರೆ ಇಷ್ಟೇ. ಹೊಸ ನಕ್ಷತ್ರಗಳ ಸುತ್ತಲಿನ ಬಿಸಿ ಅನಿಲ ಎಲ್ಲ ರೇಡಿಯೋ ಆವರ್ತಗಳಲ್ಲೂ ಹೊಳೆಯುತ್ತದೆ. ಅದರ ಮುಂದೆ ತಣ್ಣಗಿನ ಜಲಜನಕದ ಮೋಡವಿದ್ದರೆ ಆ ಮೋಡ ತನ್ನ ವೇಗಕ್ಕೆ ತಕ್ಕ ಆವರ್ತದಲ್ಲಿ ಸ್ವಲ್ಪ ಹೀರಿಕೊಂಡು ಒಂದು ಕಚ್ಚು ಬಿಡುತ್ತದೆ. ಹಿಂದಿರುವ ಮೋಡ ಏನೂ ಮಾಡಲಾರದು.

ಅಂಕಣದಲ್ಲಿ ಇದನ್ನು ಚೀಟಿಯಿಂದ ಮಾಡಿದೆವು. 30 ಡಿಗ್ರಿಯ ಗೆರೆಯ ಮೇಲೆ ಏಳು ಮಂದಿ ಸಾಲಾಗಿ ನಿಂತರು. ಪ್ರತಿಯೊಬ್ಬರ ಎದೆಯ ಮೇಲೂ ಅವರವರ ಹುರಿಯ ಅಂಕಿ. ಸೂರ್ಯನ ಹತ್ತಿರ 3, ಆಮೇಲೆ 8, 12, ತಾಗುವ ಬಿಂದುವಿನಲ್ಲಿ 25, ಅಲ್ಲಿಂದ ಇಳಿದು 20, 16, ಮತ್ತೆ 12. ಎರಡು 12ಗಳಲ್ಲಿ ಒಬ್ಬರು ಗುಟ್ಟಾಗಿ ಚೀಟಿ ಹೊರಡಿಸುತ್ತಾರೆ. ದಾರಿಯಲ್ಲಿ ನಿಂತವರೆಲ್ಲ ತಮ್ಮ ಅಂಕಿ ಬರೆದು ಮುಂದೆ ದಾಟಿಸುತ್ತಾರೆ. ಸೂರ್ಯನ ಕೈಗೆ ಬಂದ ಚೀಟಿಯಲ್ಲಿ 8 ಮತ್ತು 3 ಮಾತ್ರ ಇದ್ದರೆ ಅದು ಹತ್ತಿರದ 12. 16, 20, 25 ಕೂಡ ಇದ್ದರೆ ದೂರದ 12. ಮೂರು ಸುತ್ತು ಆಡಿದ ಮೇಲೆ ನಾನು ವಿವರಿಸಬೇಕಾಗಲಿಲ್ಲ. ರಾಧಾಕೃಷ್ಣನ್ ಅವರಂಥವರು ನೋಡಿದ್ದೂ ಇದನ್ನೇ: 57ರ ವೇಗದ ಮೂಲದ ರೋಹಿತದಲ್ಲಿ 57ರಿಂದ 115ರವರೆಗಿನ ಭಾಗದಲ್ಲಿ ಕಚ್ಚು ಇದೆಯೇ? ಇದ್ದರೆ ಅದು ಖಂಡಿತ ಆಚೆಯದು. ಇಲ್ಲದಿದ್ದರೆ ಈಚೆಯದು ಎನ್ನಬಹುದು, ಆದರೆ ಅಷ್ಟು ಖಚಿತವಾಗಿ ಅಲ್ಲ. ದಾರಿಯಲ್ಲಿ ಆ ವೇಗದ ತಣ್ಣನೆಯ ಮೋಡ ಇಲ್ಲದೆಯೂ ಇರಬಹುದು. ಮೂರನೆಯ ಸುತ್ತಿನಲ್ಲಿ ಒಬ್ಬ ಅಂಕಿ ಬರೆಯದೆ ಚೀಟಿ ದಾಟಿಸಿ ನಕ್ಕ. ಅವನಿಗೆ ಬೈಯಲಿಲ್ಲ, ಅವನೇ ಆ ಇಲ್ಲದ ಮೋಡ.

ಇಷ್ಟಾದರೂ ಈ ವಿಧಾನದ ಬುಡದಲ್ಲಿ ಒಂದು ನಂಬಿಕೆ ಇದೆ: ಎಲ್ಲರೂ ಅಚ್ಚುಕಟ್ಟಾಗಿ ವೃತ್ತದಲ್ಲೇ ನಡೆಯುತ್ತಾರೆ ಎಂಬುದು. ನಿಜದಲ್ಲಿ ತೋಳುಗಳ ಸೆಳೆತದಿಂದ ಅನಿಲ ಸೆಕೆಂಡಿಗೆ ಹತ್ತು ಕಿ.ಮೀ.ನಷ್ಟು ಅತ್ತಿತ್ತ ಸರಿಯುವುದು ಮಾಮೂಲು. ನಮ್ಮ ಉದಾಹರಣೆಯಲ್ಲಿ ಅದನ್ನು ಹಾಕಿ ನೋಡಿ. 57ರ ಬದಲು 67 ಎಂದು ಬಂದರೆ ಹತ್ತಿರದ ಜಾಗ 3.4 ಮೀಟರಿನಿಂದ ಸುಮಾರು 3.9 ಮೀಟರಿಗೆ ಜಿಗಿಯುತ್ತದೆ. ಆಕಾಶದಲ್ಲಿ ಅದು 1,500 ಜ್ಯೋತಿರ್ವರ್ಷ, ಒಂದು ತೋಳಿನ ದಪ್ಪಕ್ಕೆ ಕಡಿಮೆಯಿಲ್ಲ. ತಾಗುವ ಬಿಂದುವಿನ ಹತ್ತಿರ ಇನ್ನೂ ಕಷ್ಟ: ಅಲ್ಲಿ 115ರ ಬದಲು 105 ಬಂದರೆ ಮೋಡ 1.2 ಮೀಟರ್ ಮುಂದೆಯೋ ಹಿಂದೆಯೋ ಸರಿದಂತೆ ಕಾಣುತ್ತದೆ, ಅಂದರೆ 4,000 ಜ್ಯೋತಿರ್ವರ್ಷ. ಇನ್ನು ನೇರವಾಗಿ ಕೇಂದ್ರದತ್ತ ನೋಡಿದರೆ sin 0° ಸೊನ್ನೆ. ಯಾರ ಹುರಿಯೂ ಉದ್ದವಾಗುವುದಿಲ್ಲ, ಗಿಡ್ಡವಾಗುವುದೂ ಇಲ್ಲ. 1958ರಲ್ಲಿ ಊರ್ಟ್, ಕೆರ್, ವೆಸ್ಟರ್‌ಹೌಟ್ ಪ್ರಕಟಿಸಿದ ಹೆಸರಾಂತ ಜಲಜನಕ ನಕ್ಷೆಯಲ್ಲಿ ಸೂರ್ಯನಿಂದ ಕೇಂದ್ರದ ದಿಕ್ಕಿಗೆ ಒಂದು ಖಾಲಿ ಬೆಣೆಯಿದೆ, ಎದುರು ದಿಕ್ಕಿಗೂ ಒಂದಿದೆ. ಅಲ್ಲಿ ಅನಿಲ ಇಲ್ಲವೆಂದಲ್ಲ, ಈ ವಿಧಾನ ಅಲ್ಲಿ ಕುರುಡು. ಆ ನಕ್ಷೆಯನ್ನು ಮಕ್ಕಳಿಗೆ ತೋರಿಸುವುದು ಬಣ್ಣದ ಚಾರ್ಟಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಯಾವುದು ಗೊತ್ತಿಲ್ಲ ಎಂಬುದು ಅದರಲ್ಲಿ ಬಿಳಿಯಾಗಿ ಕಾಣುತ್ತದೆ.

ಲೆಕ್ಕ ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಒಂದು ನಿಜವಾದ ಪ್ರಕರಣ ಇದೆ. ಡಬ್ಲ್ಯು ಆಕಾರದ ಕ್ಯಾಸಿಯೋಪಿಯವನ್ನು ಮಕ್ಕಳು ಪುಸ್ತಕದಲ್ಲಿ ನೋಡಿರುತ್ತಾರೆ. ಡಿಸೆಂಬರಿನ ಸಂಜೆ ನಮ್ಮಲ್ಲಿ ಉತ್ತರಕ್ಕೆ ಚೆನ್ನಾಗಿ ಕಾಣುತ್ತದೆ. ಆ ನಕ್ಷತ್ರಪುಂಜದಲ್ಲಿ ಡಬ್ಲ್ಯು3 ಓಎಚ್ ಎಂಬ ನಕ್ಷತ್ರ ಹುಟ್ಟುವ ತಾಣ ಪರ್ಸಿಯಸ್ ತೋಳಿನಲ್ಲಿದೆ. ಅದು ಸೂರ್ಯನ ವೃತ್ತದ ಹೊರಗಿರುವುದರಿಂದ ಅಲ್ಲಿ ಎರಡು ಉತ್ತರಗಳ ಗೊಂದಲವೇ ಇಲ್ಲ, ವೇಗಕ್ಕೆ ಒಂದೇ ದೂರ. ಆ ದೂರ ಸುಮಾರು 14,000 ಜ್ಯೋತಿರ್ವರ್ಷ ಎಂದು ಬರುತ್ತಿತ್ತು. ಅಲ್ಲಿನ ನಕ್ಷತ್ರಗಳ ಹೊಳಪಿನಿಂದ ಅಂದಾಜಿಸಿದವರಿಗೆ ಇದರ ಅರ್ಧವೇ ಬರುತ್ತಿತ್ತು. ಯಾವುದು ಸರಿ ಎಂದು ಬಹಳ ಕಾಲ ತೀರ್ಮಾನವಾಗಲಿಲ್ಲ.

ತೀರ್ಮಾನ ಬಂದದ್ದು ವೇಗವನ್ನು ಪಕ್ಕಕ್ಕಿಟ್ಟು ನೇರವಾಗಿ ಅಳೆದಾಗ. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಹಿನ್ನೆಲೆಯ ಮೇಲೆ ಸರಿದಂತೆ ಕಾಣುವ ಲಂಬನವನ್ನು ನಾವು ಒಂಬತ್ತನೆಯ ತರಗತಿಯವರಿಗೂ ಮಾಡಿಸುತ್ತೇವೆ. ಇಲ್ಲಿ ಎರಡು ಕಣ್ಣುಗಳೆಂದರೆ ಸೂರ್ಯನ ಸುತ್ತಲಿನ ಭೂಮಿಯ ಕಕ್ಷೆಯ ಎರಡು ಬದಿಗಳು. ಡಬ್ಲ್ಯು3 ಓಎಚ್‌ನಲ್ಲಿ ಮೆಥನಾಲ್ ಅಣುಗಳು ಸಣ್ಣ ಚುಕ್ಕೆಗಳಂತೆ ತೀವ್ರವಾಗಿ ಹೊಳೆಯುವ ರೇಡಿಯೋ ಅಲೆ ಬಿಡುತ್ತವೆ. ಇವನ್ನು ಮೇಸರ್ ಎನ್ನುತ್ತಾರೆ. ಹವಾಯಿಯಿಂದ ವರ್ಜಿನ್ ದ್ವೀಪಗಳವರೆಗೆ ಹರಡಿದ 25 ಮೀಟರ್ ಅಗಲದ ಹತ್ತು ತಟ್ಟೆಗಳ ದೂರದರ್ಶಕ ಜಾಲವು ದೂರದ ಕ್ವೇಸಾರುಗಳ ಹಿನ್ನೆಲೆಯಲ್ಲಿ ಆ ಚುಕ್ಕೆಗಳು ಸರಿಯುವುದನ್ನು ಅಳೆಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಲಂಬನ ಒಂದು ಆರ್ಕ್‌ಸೆಕೆಂಡಿನ ಸಾವಿರದೊಂದಂಶದ ಅರ್ಧ. ಎರಡೂವರೆ ಸೆಂ.ಮೀ. ಅಗಲದ ನಾಣ್ಯವನ್ನು 10,000 ಕಿ.ಮೀ. ದೂರದಲ್ಲಿಟ್ಟರೆ ಅದು ಎಷ್ಟು ಅಗಲ ಕಾಣುವುದೋ ಅಷ್ಟು. ದೂರ ಸುಮಾರು 6,400 ಜ್ಯೋತಿರ್ವರ್ಷ. ವೇಗದ ಲೆಕ್ಕ ಅದನ್ನು ಎರಡು ಪಟ್ಟಿಗಿಂತ ಹೆಚ್ಚು ದೂರಕ್ಕೆ ತಳ್ಳಿತ್ತು. ಅಲ್ಲಿನ ಅನಿಲ ವೃತ್ತದ ನಡಿಗೆಯಿಂದ ಸೆಕೆಂಡಿಗೆ ಇಪ್ಪತ್ತು ಕಿ.ಮೀ. ಆಸುಪಾಸು ತಪ್ಪಿ ನಡೆಯುತ್ತಿದೆ, ಅಷ್ಟೇ.

ಆಮೇಲೆ ಅಮೆರಿಕದ ಈ ಜಾಲವೂ ಜಪಾನಿನ ವೇರಾ ಜಾಲವೂ ಮುಖ್ಯವಾಗಿ ಸೇರಿ ಅಳೆದ ಸುಮಾರು 200 ಮೇಸರುಗಳ ಪಟ್ಟಿ 2019ರಲ್ಲಿ ಪ್ರಕಟವಾಯಿತು. ಇಂದು ತೋಳುಗಳ ಗೆರೆಗಳನ್ನು ಎಳೆಯುವುದು ಮುಖ್ಯವಾಗಿ ಇವುಗಳ ಮೂಲಕ. ರಂಗೋಲಿಯ ಚುಕ್ಕಿಗಳನ್ನು ಕೂಡಿಸಿದ ಹಾಗೆ, ಆದರೆ ಇಲ್ಲಿ ಚುಕ್ಕಿಗಳು ಒಂದೇ ಬದಿಗೆ ಬಿದ್ದಿವೆ. ಹೆಚ್ಚಿನವು ಕೇಂದ್ರಕ್ಕಿಂತ ಈಚೆಗೆ, ನಮ್ಮ ಬದಿಯಲ್ಲಿ. ಕೇಂದ್ರದ ಆಚೆ, 66,000 ಜ್ಯೋತಿರ್ವರ್ಷ ದೂರದ ಒಂದು ಮೇಸರಿನ ಲಂಬನ 2017ರಲ್ಲಿ ಸಿಕ್ಕಿತು; ಅಂಥವು ಅಪರೂಪ.

ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಿ ಶಿಕ್ಷಕರು ಒಂದು ಆಕ್ಷೇಪ ಎತ್ತಿದರು. "ಪರೀಕ್ಷೆಯೊಳಗ ಸುರುಳಿಯಾಕಾರ ಅಂತ ಬರದ್ರ ಒಂದು ಅಂಕ ಬರ್ತೈತಿ. ನೀವು ಗೊತ್ತಿಲ್ಲ ಗೊತ್ತಿಲ್ಲ ಅಂತ ಹೇಳಿದ್ರ ಹುಡುಗ್ರು ಅದನ್ನೂ ಬರ್‍ಯಂಗಿಲ್ಲ." ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅವರು ಆ ಮಕ್ಕಳನ್ನು ನನಗಿಂತ ಹೆಚ್ಚು ಬಲ್ಲವರು. ಆದರೂ ನನ್ನ ಉತ್ತರ ಬೇರೆ. ಸುರುಳಿ ಎಂಬುದು ಖಚಿತ. ಚಾರ್ಟಿನ ಯಾವ ಗೆರೆ ಎಷ್ಟು ಖಚಿತ ಎಂಬುದು ಬೇರೆ ಪ್ರಶ್ನೆ, ಅದನ್ನು ಮಕ್ಕಳೇ ಗುರುತಿಸಬಲ್ಲರು. ಮುಂದಿನ ಅವಧಿಯಲ್ಲಿ ಚಾರ್ಟಿನ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಲಂಬನದಿಂದ ಅಳೆದ ಭಾಗಕ್ಕೆ ಪೆನ್ನಿನ ಗೆರೆ, ವೇಗದ ಲೆಕ್ಕದಿಂದ ಬಂದ ಭಾಗಕ್ಕೆ ಪೆನ್ಸಿಲ್ ಗೆರೆ, ಉಳಿದದ್ದಕ್ಕೆ ಚುಕ್ಕೆಗೆರೆ ಹಾಕಿಸಿದೆ. ಕೇಂದ್ರದ ಆಚೆಯೆಲ್ಲ ಬಹುಪಾಲು ಚುಕ್ಕೆಗೆರೆಯಾಯಿತು. ಈಚೆಯೂ ಒಂದು ಕಡೆ ಪೆನ್ನಿನ ಗೆರೆ ತೆಳ್ಳಗೆ ಉಳಿಯಿತು: ಸೂರ್ಯನಿಂದ ಕೇಂದ್ರದತ್ತ ನೋಡಿದಾಗ ಬಲಗಡೆಯ ಭಾಗ. ಕಾರಣ ತೀರಾ ಸರಳ. ಮೇಸರುಗಳನ್ನು ಅಳೆದ ಎರಡೂ ಜಾಲಗಳು ಉತ್ತರಾರ್ಧ ಗೋಳದಲ್ಲಿವೆ. ಆ ಭಾಗ ಅವುಗಳ ದಿಗಂತದ ಕೆಳಗೆ ಉಳಿಯುತ್ತದೆ, ಇಲ್ಲವೇ ತೀರ ಕೆಳಗೆ ಅಲ್ಪ ಹೊತ್ತು ಕಾಣುತ್ತದೆ. ನಮಗೆ ಹಾಗಲ್ಲ. ಮೇ ತಿಂಗಳ ರಾತ್ರಿ ರಾಣೆಬೆನ್ನೂರಿನ ಹೊರಗೆ, ದೀಪಗಳಿಂದ ದೂರ, ದಕ್ಷಿಣಕ್ಕೆ ಮುಖಮಾಡಿ ನಿಂತರೆ ದಿಗಂತದಿಂದ ಸ್ವಲ್ಪ ಮೇಲೆ ಸದರ್ನ್ ಕ್ರಾಸ್‌ನ ನಾಲ್ಕು ನಕ್ಷತ್ರಗಳು ಕಾಣುತ್ತವೆ. ತೆಳ್ಳಗೆ ಉಳಿದ ಗೆರೆಯ ದಿಕ್ಕು ಅದೇ.